ನಾಲ್ಕು ಸುತ್ತಿನ ನಾಗರತ್ನಾ

ಹಾವೇರಿಯ ಕೋರ್ಟು ಕಚೇರಿಗಳ ಸುತ್ತ ಟೈಪಿಂಗ್ ಅಂಗಡಿಗಳಿಗೆ ಬರವಿಲ್ಲ. ಅರ್ಜಿ, ಕರಾರು, ತಕರಾರು, ಏನೇ ಇರಲಿ, ನೀವು ಒಂದು ಕಪ್ ಚಹಾ ಕುಡಿದು ಬರುವುದರೊಳಗೆ ಬಿಸಿಬಿಸಿಯಾಗಿ ಕೈಗೆ ಕೊಡುತ್ತಾರೆ. ಹಾಗೆ ಕೊಡದ ಅಂಗಡಿ ಒಂದೇ ಒಂದಿದೆ. ಅದು ನಾಗರತ್ನಾಳದು. ಅಲ್ಲಿ ಚಹಾ ಕುಡಿದು ಬಂದರೆ ಇನ್ನೊಂದು ಚಹಾ ಕುಡಿದು ಬಾ ಅನ್ನುತ್ತಾಳೆ. ಅವಸರವಿದ್ದರೆ ಬಾಜೂಕಿನ ಅಂಗಡಿಗೆ ಹೋಗು, ದಾರಿ ಯಾರೂ ಕಟ್ಟಿಲ್ಲ ಅಂತಲೂ ಅನ್ನುತ್ತಾಳೆ. ಗಿರಾಕಿಯ ಮುಖಕ್ಕೇ ಹೀಗೆ ಹೇಳುವ ಹೆಂಗಸಿನ ಅಂಗಡಿ ಇಷ್ಟು ವರ್ಷ ಹೇಗೆ ನಡೆಯಿತು ಅಂತ ಹೊಸ ವಕೀಲರು ಕೇಳುತ್ತಾರೆ. ಹಳಬರು ನಕ್ಕು ಸುಮ್ಮನಾಗುತ್ತಾರೆ, ಆಮೇಲೆ ತಮ್ಮ ಕಾಗದಗಳ ಕಟ್ಟು ತೆಗೆದುಕೊಂಡು ಅವಳ ಅಂಗಡಿಗೇ ಹೋಗುತ್ತಾರೆ.

ಅವಳಿಗೆ ನಾಲ್ಕು ಸುತ್ತಿನ ನಾಗರತ್ನಾ ಎಂದು ಹೆಸರಿಟ್ಟವನು ಪಕ್ಕದ ಝೆರಾಕ್ಸ್ ಅಂಗಡಿಯ ಮುಸ್ತಾಕ್. ತಮಾಷೆಗೆ ಇಟ್ಟದ್ದು, ಅಂಟಿಕೊಂಡಿತು. ಕಾಗದದಲ್ಲಿ ಏನಾದರೂ ತಿದ್ದುಪಡಿ ಆಯಿತೆನ್ನಿ, ಒಂದೇ ಒಂದು ಪದವಾದರೂ ಸರಿ, ಅವಳು ಇಡೀ ಕಾಗದವನ್ನು ಮತ್ತೆ ನಾಲ್ಕು ಸಲ ಓದುತ್ತಾಳೆ. ಮೊದಲ ಸುತ್ತಿನಲ್ಲಿ ಬರೀ ಹೆಸರು. ಎರಡನೆಯದರಲ್ಲಿ ಆ ಹೆಸರಿನ ಹಿಂದೆ ಮುಂದೆ ಇರುವ ಹುದ್ದೆ. ಮೂರನೆಯದರಲ್ಲಿ 'ಇದರೊಂದಿಗೆ ಲಗತ್ತಿಸಿದೆ' ಅಂದಲ್ಲೆಲ್ಲ ನಿಲ್ಲಿಸಿ, ಆ ಲಗತ್ತನ್ನು ಕಟ್ಟಿನಿಂದ ಎಳೆದು ಕಣ್ಣಿಂದ ನೋಡುವುದು. ನಾಲ್ಕನೆಯದು ಅಂಕಿ. ಒಂದೇ ಸಲಕ್ಕೆ ನಾಲ್ಕನ್ನೂ ನೋಡಬಾರದೇ ಅಂದರೆ, ಸಂತೆಯೊಳಗೆ ನಾಲ್ಕು ಮಂದಿಯನ್ನು ಒಟ್ಟಿಗೆ ಹುಡುಕಿದರೆ ಒಬ್ಬರೂ ಸಿಗುವುದಿಲ್ಲ ಅನ್ನುತ್ತಾಳೆ. ಪೆನ್ನಿನಿಂದ ತಿದ್ದಿದ ಹಳೆ ಪ್ರತಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಹೊಸದನ್ನು ತಾನು ಹಿಡಿದು, ಗಟ್ಟಿಯಾಗಿ ಓದುತ್ತಾಳೆ. ಇದಕ್ಕೆ ಬೇರೆ ದುಡ್ಡಿಲ್ಲ, ಬೇಡವೆಂದರೂ ಬಿಡುವುದಿಲ್ಲ.

ಈ ಹಟ ಹುಟ್ಟಿದ್ದು ಅವಮಾನದಿಂದ. ಗುತ್ತಲದಲ್ಲಿ ಹುಟ್ಟಿ ರಾಣೆಬೆನ್ನೂರಿಗೆ ಸೊಸೆಯಾಗಿ ಬಂದವಳು. ಗಂಡ ಲಾರಿ ಓಡಿಸುತ್ತಿದ್ದವನು ಹೈವೇಯಲ್ಲಿ ತೀರಿಕೊಂಡ. ಪರಿಹಾರದ ಅರ್ಜಿ ಬರೆದುಕೊಟ್ಟ ಪುಣ್ಯಾತ್ಮ ಕೊನೆ ಗಳಿಗೆಯಲ್ಲಿ ಒಂದು ಲಗತ್ತು ಬೇಡವೆಂದು ತೆಗೆದ, ಉಳಿದವುಗಳ ನಂಬರು ಬದಲಿಸಿದ, ಅರ್ಜಿಯ ಹೊಟ್ಟೆಯೊಳಗೆ ಮಾತ್ರ ಹಳೆ ನಂಬರನ್ನೇ ಬಿಟ್ಟ. ಕಚೇರಿಯ ಗುಮಾಸ್ತ ಕಿಟಕಿಯಾಚೆಯಿಂದ, ನಾಲ್ಕು ಮಂದಿಯ ಎದುರು, ಐದನೇ ಲಗತ್ತು ಎಲ್ಲೈತಿ, ಇಲ್ಲದ ಕಾಗದ ಐತಿ ಅಂತ ಬರಿಯಾಕ ಯಾರು ಹೇಳಿದರು ಅಂತ ಕೇಳಿದ. ಸುಳ್ಳಿಯಂತೆ ನಿಂತಳು. ಸತ್ತ ಗಂಡನ ಮೇಲೆ ಆಣೆ ಮಾಡಬೇಕು ಅನ್ನಿಸಿತಂತೆ, ಆದರೆ ಆಣೆಗೆ ಆ ಕಿಟಕಿಯಲ್ಲಿ ಬೆಲೆ ಇರಲಿಲ್ಲ. ಆ ಸಿಟ್ಟಿನಲ್ಲೇ ರಾಣೆಬೆನ್ನೂರಿನ ಪ್ರಭುಲಿಂಗಪ್ಪ ಮಾಸ್ತರರ ಟೈಪಿಂಗ್ ಕ್ಲಾಸಿಗೆ ಸೇರಿದಳು. ತಪ್ಪು ಹೆಚ್ಚಾಗಿ ಹುಟ್ಟುವುದು ಬರೆಯುವಾಗ ಅಲ್ಲ, ತಿದ್ದುವಾಗ ಅಂತ ಮಾಸ್ತರರು ಹೇಳಿದ್ದನ್ನು ಅವಳಿಗೆ ಯಾರೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಇಂಥವಳ ಅಂಗಡಿಗೆ ಒಂದು ಬೆಳಿಗ್ಗೆ ಬ್ಯಾಡಗಿಯ ಹೆಂಗಸರ ದಂಡು ಬಂತು. ಮೆಣಸಿನಕಾಯಿ ತೊಟ್ಟು ಬಿಡಿಸುವವರು. ಅವರು ಒಳಗೆ ಕಾಲಿಟ್ಟರೆ ಘಾಟೂ ಜೊತೆಗೆ ಬರುತ್ತದೆ, ಸೀರೆ ಎಷ್ಟು ತೊಳೆದರೂ ಹೋಗುವುದಿಲ್ಲ. ನಾಗರತ್ನಾ ಎರಡು ಸಲ ಸೀನಿ, ಕುಂದ್ರಿ ಅಂದಳು. ಮುಂದೆ ಬಂದವಳು ಹೊಳಿಯವ್ವ, ಅವರ ಸಂಘದ ಈಗಿನ ಅಧ್ಯಕ್ಷೆ. ಜೊತೆಗೆ ವಕೀಲೆ ಶ್ವೇತಾ, ಚಿಕ್ಕ ವಯಸ್ಸು, ಚುರುಕು ಮಾತು, ಈ ಹೆಂಗಸರಿಗಾಗಿ ಫೀಸು ಬಿಟ್ಟು ಓಡಾಡುತ್ತಿದ್ದ ಹುಡುಗಿ.

ವಿಷಯ ಇಷ್ಟು. ಬ್ಯಾಡಗಿಯಲ್ಲಿ ಒಂದು ಸೊಸೈಟಿಯ ಶೆಡ್ಡು ಇದೆ. ಎಂಟು ವರ್ಷದ ಹಿಂದೆ ಸೊಸೈಟಿ ಸಭೆ ಕರೆದು ಠರಾವು ಮಾಡಿ ಅದನ್ನು ಈ ಹೆಂಗಸರ ಸಂಘಕ್ಕೆ ಕೊಟ್ಟಿತ್ತು. ಅದಕ್ಕೂ ಮೊದಲು ಅವರು ರಸ್ತೆ ಬದಿಯ ಬಿಸಿಲಿನಲ್ಲಿ ಕೂತು ತೊಟ್ಟು ಬಿಡಿಸುತ್ತಿದ್ದವರು, ಹಾಲುಗೂಸುಗಳನ್ನು ಚೀಲದ ಮರೆಯಲ್ಲಿ ಮಲಗಿಸುತ್ತಿದ್ದವರು. ಈಗ ಒಬ್ಬ ವ್ಯಾಪಾರಿಗೆ ಆ ಶೆಡ್ಡು ಬೇಕಾಗಿದೆ. ಸೊಸೈಟಿಯವರು ಹೊಸ ರಾಗ ತೆಗೆದರು. ನಾವು ಶೆಡ್ಡು ಕೊಟ್ಟದ್ದು ಸಂಘಕ್ಕಲ್ಲ, ಗದಿಗೆವ್ವ ಎಂಬ ಒಬ್ಬ ಹೆಂಗಸಿಗೆ. ಆಕೆ ಬಿಟ್ಟುಕೊಡಲು ಒಪ್ಪಿದ್ದಾಳೆ, ಉಳಿದವರು ಎದ್ದು ಹೋಗಲಿ. ಹೀಗೆಂದು ನೋಟೀಸು ಕೊಟ್ಟರು. ಹೆಂಗಸರು ಹಾವೇರಿಯಲ್ಲಿರುವ ಸಹಕಾರ ಇಲಾಖೆಯ ಮೇಲಿನ ಸಾಹೇಬರಿಗೆ ತಕರಾರು ಹಾಕಿದರು. ಅವತ್ತು ಮಧ್ಯಾಹ್ನ ವಿಚಾರಣೆ, ಅದಕ್ಕೆ ಲಿಖಿತ ಹೇಳಿಕೆ ಬೇಕು. ಅದು ಕೆಟ್ಟರೆ ಮತ್ತೆ ರಸ್ತೆಯ ಬಿಸಿಲೇ ಗತಿ.

ಗದಿಗೆವ್ವ ಯಾರು ಅಂದರೆ, ಇದೇ ಸಂಘದ ಮೊದಲ ಅಧ್ಯಕ್ಷೆ. ಶೆಡ್ಡಿಗಾಗಿ ಸೊಸೈಟಿಯ ಬಾಗಿಲಲ್ಲಿ ಕೂತು ಜಗಳಾಡಿದವಳು ಅವಳೇ. ಈಗ ಅದೇ ವ್ಯಾಪಾರಿಯ ಕೈಕೆಳಗೆ ಮುಕಾದಮಳಾಗಿ, ಕೂಲಿ ಹೆಂಗಸರ ಮೇಲೆ ಮೇಸ್ತ್ರಿಕಿ ಮಾಡುತ್ತಾಳೆ. ಅವತ್ತಿನಿಂದ ಸಂಘದ ಹೆಂಗಸರಿಗೆ ಅವಳ ಹೆಸರು ಕೇಳಿದರೆ ಮೈಯೆಲ್ಲ ಉರಿ. ಶೆಡ್ಡಿನ ಬೋರ್ಡಿನ ಮೇಲಿದ್ದ ಅವಳ ಹೆಸರಿಗೆ ಸುಣ್ಣ ಬಳಿದಿದ್ದರು.

ಶ್ವೇತಾ ಸಂಘದ ಹಳೆಯ ಒಂದು ಅರ್ಜಿಯನ್ನೇ ಮಾದರಿಯಾಗಿಟ್ಟುಕೊಂಡು ಹೇಳಿಕೆ ಬರೆದಿದ್ದಳು. ಹಾಗಾಗಿ ಅರ್ಜಿದಾರರ ಹೆಸರಿನ ಜಾಗದಲ್ಲೂ, ಕೊನೆಯ ಸಹಿಯ ಜಾಗದಲ್ಲೂ ಗದಿಗೆವ್ವನೇ ಇನ್ನೂ ಅಧ್ಯಕ್ಷೆಯಾಗಿ ಕೂತಿದ್ದಳು. ನಾಗರತ್ನಾ ಟೈಪು ಮಾಡಿದ ಮೊದಲ ಪ್ರತಿಯನ್ನು ಶ್ವೇತಾ ಓದಿ ಹೇಳುವಾಗ ಆ ಹೆಸರು ಬಂದದ್ದೇ ತಡ, ಹೆಂಗಸರೆಲ್ಲ ಒಮ್ಮೆಲೇ ಎದ್ದರು.

"ಆಕಿ ಹೆಸರು ನಮ್ಮ ಕಾಗದದಾಗ ಒಂದ ಕಡೆನೂ ಇರಬಾರದು ನೋಡ್ರಿ ಅಕ್ಕಾರ," ಅಂದಳು ಹೊಳಿಯವ್ವ. "ಅಧ್ಯಕ್ಷಿ ಈಗ ನಾನು. ಎಲ್ಲಾ ಕಡೆ ನನ್ನ ಹೆಸರ ಹಾಕ್ರಿ."

ಶ್ವೇತಾ ಇನ್ನೆರಡು ತಿದ್ದುಪಡಿ ಮಾಡಿದಳು. ಶೆಡ್ಡಿನ ಫೋಟೋ ಮಸುಕಾಗಿದೆ, ಮೂರನೇ ಲಗತ್ತು ತೆಗೆದುಬಿಡಿ ಅಂದಳು. ಸಂಘದಲ್ಲಿ ಅರವತ್ತೆರಡು ಸದಸ್ಯರು ಅಂತಿದ್ದುದನ್ನು ಐವತ್ತೆಂಟು ಮಾಡಿ ಅಂದಳು, ನಾಲ್ವರು ಬಿಟ್ಟಿದ್ದರು. ಹೆಸರಿನ ಬಗ್ಗೆಯೂ ಅವಸರದಲ್ಲಿ ತಲೆ ಆಡಿಸಿದಳು. ಈಗಿನ ಅಧ್ಯಕ್ಷೆಯ ಹೆಸರಿರಬೇಕು, ಸರಿಯೇ.

ಕಂಪ್ಯೂಟರಿನಲ್ಲಿ ಎಲ್ಲ ಕಡೆ ಒಂದೇ ಏಟಿಗೆ ಬದಲಿಸುವ ಸೌಲಭ್ಯ ಇದೆ. ಅಂಕಿಗೆ ನಾಗರತ್ನಾ ಅದನ್ನು ಎಂದೂ ಬಳಸುವುದಿಲ್ಲ. ಬಳಸಿದರೆ ಸರ್ವೆ ನಂಬರಿನೊಳಗಿರುವ ಅರವತ್ತೆರಡೂ ಬದಲಾಗಿ, ಶೆಡ್ಡು ಯಾರದೋ ಹೊಲಕ್ಕೆ ಹೋಗಿ ನಿಲ್ಲುತ್ತದೆ. ಆದರೆ ಹೆಸರಿಗೆ ಅವತ್ತು ಬಳಸಿದಳು. ಹಿಂದೆ ಅಷ್ಟು ಮಂದಿ ನಿಂತು ಕುತ್ತಿಗೆಗೆ ಉಸಿರು ಬಿಡುತ್ತಿದ್ದರು, ಮೂಗಿನಲ್ಲಿ ಘಾಟು ಬೇರೆ, ಬೆರಳು ತಾನೇ ಮುಂದಾಯಿತು. ಗದಿಗೆವ್ವ ಐದು ಕಡೆಯಿಂದಲೂ ಮಾಯವಾದಳು. ಹೊಳಿಯವ್ವ ತೃಪ್ತಿಯಿಂದ ಪ್ರತಿ ಹಾಳೆಗೂ ಹೆಬ್ಬೆಟ್ಟು ಒತ್ತಿದಳು.

ಶ್ವೇತಾ ಕಾಗದಕ್ಕೆ ಕೈ ಚಾಚಿದಳು. ನಾಗರತ್ನಾ ಕೊಡಲಿಲ್ಲ. ಸುತ್ತು ಆಗಿಲ್ಲ ಅಂದಳು. ಅಷ್ಟರಲ್ಲಿ ಶ್ವೇತಾಳ ಫೋನು ಬಡಿದುಕೊಂಡಿತು. ನಿಮಗಿಂತ ಮೊದಲಿದ್ದ ಪ್ರಕರಣಗಳೆಲ್ಲ ಮುಂದಕ್ಕೆ ಹೋಗಿವೆ, ಈಗ ನಿಮ್ಮದೇ ಬರುತ್ತದೆ, ಬೇಗ ಬನ್ನಿ ಅಂತ ಕಚೇರಿಯಿಂದ ಯಾರೋ ಹೇಳಿದರು. ಎದುರಿನವರು ಆಗಲೇ ಬಂದು ಕೂತಿದ್ದರಂತೆ. ಹೆಂಗಸರು ಚಪ್ಪಲಿ ಹುಡುಕತೊಡಗಿದರು. ನಾಗರತ್ನಾ ಪಕ್ಕದ ಅಂಗಡಿಯಿಂದ ಮುಸ್ತಾಕನನ್ನು ಕರೆದು, ಹಳೆ ಪ್ರತಿಯನ್ನು ಅವನ ಕೈಗೆ ತುರುಕಿ, ಹಿಡಿ ಅಂದು, ಓದತೊಡಗಿದಳು.

ಮೊದಲ ಸುತ್ತಿನಲ್ಲೇ ಅವಳ ದನಿ ನಿಂತಿತು. ನಾಲ್ಕನೇ ಪ್ಯಾರಾದಲ್ಲಿ ಠರಾವಿನ ದಿನ ನಡೆದದ್ದನ್ನು ಬರೆದಿತ್ತು. ಆ ದಿನ ಸಂಘದ ಪರವಾಗಿ ಅಧ್ಯಕ್ಷೆ ಹೊಳಿಯವ್ವ ಹೆಬ್ಬೆಟ್ಟು ಒತ್ತಿದರು, ಕಾರ್ಯದರ್ಶಿ ಹೊಳಿಯವ್ವ ಪಕ್ಕದಲ್ಲಿದ್ದು ಹೆಬ್ಬೆಟ್ಟು ಒತ್ತಿದರು. ಒಬ್ಬಳೇ ಹೊಳಿಯವ್ವ, ಒಂದೇ ದಿನ, ತನ್ನ ಪಕ್ಕದಲ್ಲಿ ತಾನೇ ನಿಂತಿದ್ದಳು! ಮುಸ್ತಾಕ್ ಕಿಸಕ್ಕನೆ ನಕ್ಕ. ನಾಗರತ್ನಾ ನಗಲಿಲ್ಲ. ಎರಡನೇ ಲಗತ್ತನ್ನು ಎಳೆದು ನೋಡಿದಳು. ಠರಾವಿನ ಪ್ರತಿ. ಅದರ ಕೆಳಗೆ ಅಧ್ಯಕ್ಷೆ ಎಂಬಲ್ಲಿ ಗದಿಗೆವ್ವ, ಕಾರ್ಯದರ್ಶಿ ಎಂಬಲ್ಲಿ ಹೊಳಿಯವ್ವ, ಎರಡು ಹೆಬ್ಬೆಟ್ಟು. ತಾವೇ ಬರೆದ ಮಾತನ್ನು ತಾವೇ ಹಚ್ಚಿದ ಕಾಗದ ಸುಳ್ಳು ಅನ್ನುತ್ತಿತ್ತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆ ಕಿಟಕಿಯ ಎದುರು ನಿಂತ ದಿನದಷ್ಟೇ ಸಿಟ್ಟು.

ವಿಷಯ ಹೇಳಿದಳು. ಶ್ವೇತಾ ಮುಖ ಒರೆಸಿಕೊಂಡು, ತಪ್ಪಾಗಿದೆ ನಿಜ, ಆದರೆ ಈಗ ಹೊತ್ತಿಲ್ಲ, ಬಾಯಿಂದ ಹೇಳಿ ಸರಿಮಾಡುತ್ತೇನೆ, ಕೊಡಿ ಅಂದಳು.

"ಕೊಡಂಗಿಲ್ಲರಿ ಮೇಡಂ," ಅಂದಳು ನಾಗರತ್ನಾ. ಕಾಗದವನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಊರಿ ನಿಂತಳು. "ನೀವು ಬಾಯಿಲೆ ಹೇಳೋದು ಹೊರಗ ಬರೋದ್ರಾಗ ಹೋಗ್ತೈತಿ. ಇದು ಉಳಿತೈತಿ. ಶೆಡ್ಡು ಆಕಿ ಒಬ್ಬಾಕಿಗೆ ಕೊಟ್ಟಿದ್ದು ಅಂತ ಅವರು ಹೇಳಾಕತ್ತಾರ. ಅಧ್ಯಕ್ಷಿ ಅಂತ ಆಕಿಗೆ ಕೊಟ್ಟಿದ್ದು ಅನ್ನೋದ ನಿಮ್ಮ ಉತ್ತರ. ಆ ಉತ್ತರದಾಗ ಆಕೀನ ಇಲ್ಲಂದ್ರ ಏನ್ ಉಳೀತು?"

ಶ್ವೇತಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಆದರೆ ಹೊಳಿಯವ್ವ ಕೆರಳಿದಳು. ಆ ಮನೆಮುರುಕಿಯ ಹೆಸರನ್ನು ಮತ್ತೆ ಬರೆಸುವುದಕ್ಕಿಂತ ಶೆಡ್ಡು ಹೋದರೂ ಚಿಂತೆಯಿಲ್ಲ ಅಂದಳು. ಒಬ್ಬಳು, ಈ ಟೈಪಿನ ಅಕ್ಕನೂ ಅವರ ಕಡೆಯವಳೇ ಇರಬೇಕು ಅಂತ ಕೇಳುವ ಹಾಗೆಯೇ ಗೊಣಗಿದಳು. ಬೇರೆ ಯಾರಾದರೂ ಆಗಿದ್ದರೆ, ನಿಮ್ಮ ಹಣೆಬರಹ ಅಂತ ಕಾಗದ ಎಸೆದು ಕೈತೊಳೆದುಕೊಳ್ಳುತ್ತಿದ್ದರು. ನಾಗರತ್ನಾ ಕೈ ಎತ್ತಲಿಲ್ಲ.

"ಆಕಿ ಮ್ಯಾಲಿನ ಸಿಟ್ಟು ನಿಮ್ಮ ಹೊಟ್ಟ್ಯಾಗ ಇರಲಿ ಹೊಳಿಯವ್ವಾರ. ಅದನ್ನ ಕಾಗದಕ್ಕ ಹಚ್ಚಬ್ಯಾಡ್ರಿ," ಅಂದಳು. "ಅವತ್ತು ಆಕಿ ಹೆಬ್ಬೆಟ್ಟು ಒತ್ತುವಾಗ ನೀವ್ ಎಲ್ಲಿದ್ರಿ?"

ಆ ದಿನ ಹೊಳಿಯವ್ವನಿಗೆ ಚೆನ್ನಾಗಿ ನೆನಪಿತ್ತು. ಗದಿಗೆವ್ವ ಮಸಿ ಹತ್ತಿದ ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದ್ದಳು. ಇನ್ನು ಮುಂದೆ ನಮ್ಮ ಕೂಸುಗಳ ಮೇಲೆ ಬಿಸಿಲು ಬೀಳಂಗಿಲ್ಲ ಅಂದಿದ್ದಳು. ಇಬ್ಬರೂ ಅತ್ತಿದ್ದರು.

"ಬಾಜೂಕ ನಿಂತಿದ್ದೆ," ಅಂದಳು.

"ಹಂಗಾರ ಈ ಕಾಗದದಾಗೂ ಬಾಜೂಕ ನಿಂದರ್ರಿ. ಇವತ್ತಿನ ಅಧ್ಯಕ್ಷಿ ನೀವ, ಅದನ್ನ ಯಾರೂ ಕಸಗೊಳ್ಳಂಗಿಲ್ಲ. ಅವತ್ತಿಂದು ಆಕೀದು."

ಹೊಳಿಯವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಬರೀರಿ ಅಂದಳು. ಮತ್ತೆ ಹೆಂಗಸರ ಕಡೆ ತಿರುಗಿ, ನಡೀರಿ, ಕಾಗದ ಬರೋತನಕ ಕಚೇರಿಯ ಬಾಗಿಲಲ್ಲಿ ಕುಂದ್ರೂಣು, ನಮ್ಮನ್ನ ದಾಟಿ ಯಾರು ವಿಚಾರಣೆ ಮಾಡ್ತಾರ ನೋಡೂಣು ಅಂದಳು. ದಂಡು ಹೊರಟಿತು. ಕಚೇರಿಯ ಪಟ್ಟೆವಾಲಾ ಆ ದಿನದ ಕಥೆಯನ್ನು ಈಗಲೂ ಹೇಳುತ್ತಾನೆ. ತಾನು ಬಾಗಿಲಲ್ಲಿ ಹೆಸರು ಕೂಗಿದಾಗ ಅಷ್ಟೂ ಮಂದಿ ಒಂದೇ ದನಿಯಲ್ಲಿ ಹಾಜರು ಅಂದರಂತೆ, ಕಾಗದ ಎಲ್ಲಿ ಅಂದದ್ದಕ್ಕೆ ದಾರಿಯಾಗ ಐತಿ ಅಂದರಂತೆ, ವರಾಂಡ ತುಂಬ ಸೀನು. ಸಾಹೇಬರೂ ಸೀನಿ, ಸ್ವಲ್ಪ ಹೊತ್ತು ತಡೆಯೋಣ ಅಂದರಂತೆ.

ಅಂಗಡಿಯಲ್ಲಿ ನಾಗರತ್ನಾ ಈ ಸಲ ಒಂದೊಂದು ಜಾಗವನ್ನೂ ಕೈಯಾರೆ ತಿದ್ದಿದಳು. ಅರ್ಜಿದಾರರ ಜಾಗ ಮತ್ತು ಸಹಿಯ ಜಾಗ, ಇವೆರಡು ಇವತ್ತಿನವು, ಇಲ್ಲಿ ಹೊಳಿಯವ್ವ ಇರಲಿ. ಉಳಿದ ಮೂರು ಅವತ್ತಿನವು, ಅಲ್ಲಿ 'ಅಂದಿನ ಅಧ್ಯಕ್ಷೆ ಗದಿಗೆವ್ವ'. ಮತ್ತೆ ಸುತ್ತು ಶುರುವಾಯಿತು. ಹಳೆ ಪ್ರತಿಯನ್ನು ಈಗ ಶ್ವೇತಾ ಹಿಡಿದಳು, ಫೋನಿನ ಬಾಯಿ ಮುಚ್ಚಿಸಿ ಚೀಲಕ್ಕೆ ಹಾಕಿದ್ದಳು. ಮೂರನೇ ಸುತ್ತಿನಲ್ಲಿ ಅವಳೇ ತಡೆದಳು. ಫೋಟೋ ತೆಗೆದ ಮೇಲೆ ಕರೆಂಟ್ ಬಿಲ್ಲು ಮೂರನೇ ಲಗತ್ತಾಗಿದೆ, ಪಟ್ಟಿಯಲ್ಲಿ ಸರಿಯಿದೆ, ಏಳನೇ ಪ್ಯಾರಾದಲ್ಲಿ ಇನ್ನೂ ನಾಲ್ಕು ಅಂತಿದೆ, ಬಿಲ್ಲಿನ ಮೂಲೆಯಲ್ಲಿ ಪೆನ್ನಿನಿಂದ ಬರೆದದ್ದೂ ನಾಲ್ಕೇ ಅಂದಳು. ಮೂರೂ ಕಡೆ ಒಂದಾಯಿತು. ಸದಸ್ಯರ ಪಟ್ಟಿಗೂ ಹಾಗೇ ನಂಬರು ಹಿಂದಕ್ಕೆ ಬಂತು. ನಾಲ್ಕನೇ ಸುತ್ತಿನಲ್ಲಿ ಒಂಬತ್ತನೇ ಪ್ಯಾರಾದ ಮೂಲೆಯಲ್ಲಿ ಅರವತ್ತೆರಡು ಅಡಗಿ ಕೂತಿತ್ತು, ಅದನ್ನು ಐವತ್ತೆಂಟು ಮಾಡಿದರು. ಠರಾವಿನ ದಿನ ನಲವತ್ತು ಮಂದಿ ಇದ್ದರೆಂಬ ಮಾತನ್ನು ಮುಟ್ಟಲಿಲ್ಲ, ಅದು ಅವತ್ತಿನ ಲೆಕ್ಕ. ತಿದ್ದಿದ್ದಾಯಿತಲ್ಲ ಎಂದು ಹಾಳೆಗಳನ್ನು ಹಾಗೇ ಎತ್ತಿಕೊಳ್ಳದೆ ಮತ್ತೊಮ್ಮೆ ನಾಲ್ಕು ಸುತ್ತು ಓದಿದರು. ಕೊನೆಗೆ ಮಸಿಯ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಇಬ್ಬರೂ ಬಿಸಿಲಿನಲ್ಲಿ ಓಡಿದರು. ಹೊಸ ಹಾಳೆಗಳಿಗೆ ಹೊಳಿಯವ್ವ ಕಚೇರಿಯ ಮೆಟ್ಟಿಲ ಮೇಲೇ ಹೆಬ್ಬೆಟ್ಟು ಒತ್ತಿದಳು.

ವಿಚಾರಣೆಯಲ್ಲಿ ನಾಗರತ್ನಾಳಿಗೆ ಕೆಲಸವಿರಲಿಲ್ಲ. ಆದರೂ ಹೋಗಲಿಲ್ಲ, ಗೋಡೆಗೆ ಒರಗಿ ನಿಂತಳು. ಎದುರು ಪಕ್ಷದವರ ಬೆಂಚಿನಲ್ಲಿ ಗದಿಗೆವ್ವ ಕೂತಿದ್ದಳು. ಗಟ್ಟಿಮುಟ್ಟಾದ ಹೆಂಗಸು, ಇಸ್ತ್ರಿ ಸೀರೆ, ಬೆರಳುಗಳ ಚರ್ಮ ಮಾತ್ರ ಉಳಿದವರದ್ದೇ ಥರ ಸುಟ್ಟು ಸಿಪ್ಪೆಯೆದ್ದಿತ್ತು. ತನ್ನ ಹಳೆ ಗೆಳತಿಯರ ಕಡೆ ಅವಳು ಕಣ್ಣೆತ್ತಲಿಲ್ಲ. ಸೊಸೈಟಿಯ ವಕೀಲರು ಹೇಳಬೇಕಾದ್ದು ಹೇಳಿದರು. ಶೆಡ್ಡು ಈಕೆಯದು, ಈಕೆ ಬಿಟ್ಟುಕೊಡುತ್ತಾಳೆ, ಈ ಸಂಘದವರಿಗೆ ಈಕೆಯೊಂದಿಗೆ ಈಗ ಸಂಬಂಧವೇ ಇಲ್ಲ, ಬೋರ್ಡಿನಿಂದಲೂ ಈಕೆಯ ಹೆಸರು ಅಳಿಸಿದ್ದಾರೆ.

ಸಾಹೇಬರು ಹೇಳಿಕೆ ತೆಗೆದು ಓದಿದರು. ನಾಲ್ಕನೇ ಪ್ಯಾರಾಕ್ಕೆ ಬಂದಾಗ ಎರಡನೇ ಲಗತ್ತನ್ನು ತೆಗೆದು ಪಕ್ಕದಲ್ಲಿಟ್ಟರು. ಅದನ್ನು ನೋಡಿದರು, ಇದನ್ನು ನೋಡಿದರು. ಸಾಹೇಬರು ತಲೆ ಎತ್ತಿ, ಗದಿಗೆವ್ವ ಯಾರು ಅಂತ ಕೇಳಿದರು. ಅವಳು ಎದ್ದು ನಿಂತಳು. ಸಂಘದ ಪರವಾಗಿ ಅಂದಿನ ಅಧ್ಯಕ್ಷೆ ಗದಿಗೆವ್ವ ಹೆಬ್ಬೆಟ್ಟು ಒತ್ತಿದರು ಅಂತ ಇವರು ಬರೆದಿದ್ದಾರೆ, ಏನಂತೀರಿ ಅಂದರು.

ಗದಿಗೆವ್ವನ ಮುಖ ಬದಲಾಯಿತು. "ಅವರ ಕಾಗದದಾಗ ನನ್ನ ಹೆಸರ ಐತೇನ್ರಿ ಸಾಹೇಬ್ರ?" ಅಂದಳು.

ಇದೆ, ಮೂರು ಕಡೆ ಇದೆ ಅಂದರು ಸಾಹೇಬರು. ಅವಳು ಮೊದಲ ಸಲ ಹೊಳಿಯವ್ವನ ಕಡೆ ನೋಡಿದಳು. ಹೊಳಿಯವ್ವ ಗದ್ದ ಎತ್ತಿ, ಬೇಕಾದರೆ ನೋಡು ಅನ್ನುವ ಹಾಗೆ ನಿಂತಿದ್ದಳು. ಸೊಸೈಟಿಯ ವಕೀಲರು ಏನೋ ಪಿಸುಗುಟ್ಟಿದರು. ಗದಿಗೆವ್ವ ಅವರಿಗೆ ಕೈ ಅಡ್ಡ ಮಾಡಿದಳು.

"ಹಂಗಾರ ಖರೇ ಹೇಳ್ತೇನ್ರಿ. ನನ್ನ ಸಲುವಾಗಿ ಒತ್ತಿದ್ದಲ್ಲ ಅದು. ನನಗೊಬ್ಬಾಕಿಗೆ ಅಷ್ಟ ದೊಡ್ಡ ಶೆಡ್ಡು ಯಾಕ ಬೇಕು? ಅಧ್ಯಕ್ಷಿ ಅಂತ ಒತ್ತೇನಿ. ಬಿಟ್ಟ ಕೊಡಾಕ ಅದು ನಂದಲ್ಲ."

ಕೋಣೆಯಲ್ಲಿ ಒಬ್ಬರೂ ಸೀನಲಿಲ್ಲ. ಸಾಹೇಬರು ಅದನ್ನು ಅವಳ ಹೇಳಿಕೆಯಾಗಿ ಬರೆಸಿಕೊಂಡರು. ಪೂರ್ತಿ ಆದೇಶ ಆಮೇಲೆ, ಅಲ್ಲಿಯತನಕ ಶೆಡ್ಡಿನಿಂದ ಯಾರೂ ಈ ಹೆಂಗಸರನ್ನು ಎಬ್ಬಿಸಕೂಡದು ಅಂದರು. ಹೊರಗೆ ಬಂದ ಮೇಲೆ ಗದಿಗೆವ್ವ ಯಾರೊಂದಿಗೂ ಮಾತಾಡದೆ ಬಸ್ ನಿಲ್ದಾಣದ ಕಡೆ ಒಬ್ಬಳೇ ನಡೆದು ಹೋದಳು. ಅವಳ ಮುಕಾದಮಿಕಿ ಅವತ್ತಿಗೇ ಮುಗಿಯಿತು ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಅವಳನ್ನು ಕರೆಯಲಿಲ್ಲ. ಅಷ್ಟು ಬೇಗ ಕರಗುವ ಸಿಟ್ಟು ಅದಲ್ಲ.

ಸಂಘದ ಪರವಾಗಿ ಆದೇಶ ಬಂದ ಮೇಲೆ ಒಂದು ದಿನ ಹೊಳಿಯವ್ವ ಒಬ್ಬಳೇ ಹಾವೇರಿಗೆ ಬಂದಳು. ಶೆಡ್ಡಿಗೆ ಹೊಸ ಬೋರ್ಡು ಬರೆಸಬೇಕು, ಪೇಂಟರನಿಗೆ ಕೊಡಲು ಒಂದು ಹಾಳೆಯಲ್ಲಿ ಟೈಪು ಮಾಡಿಕೊಡಿ ಅಂದಳು. ನಾಗರತ್ನಾ ಅಧ್ಯಕ್ಷೆ ಹೊಳಿಯವ್ವ ಅಂತ ಟೈಪು ಮಾಡಿ, ಇಷ್ಟೇ ಹೌದಲ್ಲೋ ಅಂದಳು. ಹೊಳಿಯವ್ವ ಪರದೆಯ ಮೇಲಿನ ಅಕ್ಷರಗಳನ್ನು ದಿಟ್ಟಿಸಿದಳು. ಅವಳಿಗೆ ಓದಲು ಬರುವುದಿಲ್ಲ, ಆದರೂ ಬೆರಳು ಚಾಚಿ ತನ್ನ ಹೆಸರಿನ ಮೇಲಿನ ಖಾಲಿ ಜಾಗ ತೋರಿಸಿದಳು.

"ಇಲ್ಲಿ ಮದಲ ಆಕೀದು ಹಾಕ್ರಿ," ಅಂದಳು. "ಆಮ್ಯಾಲ ನಂದು. ಬರೋ ಸೋಮವಾರದಿಂದ ನಮ್ಮ ಶೆಡ್ಡಿಗೆ ಕೆಲಸಕ್ಕ ಬರ್ತಾಳ, ಬೋರ್ಡು ನೋಡೇ ಒಳಗ ಬರಲಿ."

ನಾಗರತ್ನಾ ತಿದ್ದಿದಳು. ಎರಡೇ ಸಾಲು. ತಿದ್ದಿದ ಮೇಲೆ ಹಳೆ ಹಾಳೆಯನ್ನು ಹೊಳಿಯವ್ವನ ಕೈಗೆ ಕೊಟ್ಟು, ಹೊಸದನ್ನು ತಾನು ಹಿಡಿದು, ಎಂದಿನಂತೆ ಗಟ್ಟಿಯಾಗಿ ಸುತ್ತು ಶುರು ಮಾಡಿದಳು. ಗದಿಗೆವ್ವ, ಮೊದಲ ಅಧ್ಯಕ್ಷೆ. ಹೊಳಿಯವ್ವ ಹಾಳೆಯನ್ನು ತಲೆಕೆಳಗಾಗಿ ಹಿಡಿದುಕೊಂಡೇ ಹೌದು ಅಂದಳು. ಬಸ್ಸಿನ ಹೊತ್ತಾಗಿತ್ತು, ಆದರೆ ನಾಲ್ಕು ಸುತ್ತು ಮುಗಿಯುವವರೆಗೂ ಅವಳು ಏಳಲಿಲ್ಲ.